ದೊಡ್ಡಪ್ಪನ ಡಿಸ್ಚಾರ್ಜ್ ರಿಪೋರ್ಟ್: ಮನೆಯವರಿಗೆ ಅರ್ಥ ಆಗುವ ಹಾಗೆ

ದೊಡ್ಡಮ್ಮ, ಅಣ್ಣ, ರಿಪೋರ್ಟ್‌ನ ಆರೂ ಪುಟ ಓದಿದೆ. ಮನೆಗೆ ಬೇಕಾದದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ. ಮಾತ್ರೆ, ಪ್ರಮಾಣ, ತಾರೀಖು ಎಲ್ಲಾ ರಿಪೋರ್ಟ್‌ನಲ್ಲಿ ಇರುವಂತೆಯೇ ಇವೆ. ವಿವರಣೆ ಮಾತ್ರ ನನ್ನದು, ವಾರ್ಡ್‌ನಲ್ಲಿ ರೋಗಿಗಳ ಮನೆಯವರಿಗೆ ದಿನಾ ಹೇಳುವಂಥದ್ದೇ. ಇದನ್ನು ಫ್ರಿಜ್ ಮೇಲೆ ಅಂಟಿಸಿ. ಮೂಲ ರಿಪೋರ್ಟ್ ಫೈಲ್‌ನಲ್ಲೇ ಇರಲಿ, ಎಲ್ಲಿಗೆ ಹೋದರೂ ಅದನ್ನೇ ಒಯ್ಯಬೇಕು.

ಮೊದಲು ಇದೊಂದು

ಆಸ್ಪಿರಿನ್ ಮತ್ತು ಟಿಕಾಗ್ರೆಲಾರ್, ಈ ಎರಡು ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಒಳಗೆ ಹೊಸದಾಗಿ ಕೂರಿಸಿದ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತಿರುವುದು ಇವೇ. ನಿಲ್ಲಿಸಿದರೆ ಸ್ಟೆಂಟ್ ದಿಢೀರನೆ ಮುಚ್ಚಿಕೊಳ್ಳಬಹುದು, ಮತ್ತೆ ಹಾರ್ಟ್ ಅಟ್ಯಾಕ್ ಆಗಬಹುದು. ಟಿಕಾಗ್ರೆಲಾರ್ ಒಂದು ವರ್ಷ ಅಂತ ಬರೆದಿದ್ದಾರೆ, ಆಸ್ಪಿರಿನ್ ಅದಾದ ಮೇಲೂ ಇರುತ್ತದೆ. ಹಲ್ಲು ಕೀಳಿಸಬೇಕು ಅಂತಲೋ, ಬೇರೆ ಆಪರೇಷನ್ ಅಂತಲೋ ಯಾರಾದರೂ ನಿಲ್ಲಿಸಿ ಅಂದರೆ ಮೊದಲು ಹೃದಯದ ಡಾಕ್ಟರನ್ನು ಕೇಳಿ.

ಏನಾಗಿತ್ತು, ಏನು ಮಾಡಿದರು

ಮಾರ್ಚ್ 12ರ ರಾತ್ರಿ ಆಗಿದ್ದು ಹಾರ್ಟ್ ಅಟ್ಯಾಕ್. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿತ್ತು. ಬಲಗೈ ಮಣಿಕಟ್ಟಿನಿಂದ ತಂತಿ ಹಾಕಿ, ನಾಳ ಬಿಡಿಸಿ, ಒಂದು ಸ್ಟೆಂಟ್ ಇಟ್ಟಿದ್ದಾರೆ. ಈಗ ಅಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆ.

ಬಲಭಾಗದ ಇನ್ನೊಂದು ನಾಳದಲ್ಲಿ 50% ಬ್ಲಾಕ್ ಇದೆ. ಅದನ್ನು ಯಾಕೆ ಬಿಟ್ಟರು ಅಂತ ಅಣ್ಣ ಕೇಳಿದ್ದ. ಮರೆತು ಬಿಟ್ಟಿದ್ದಲ್ಲ. ಅಷ್ಟು ಬ್ಲಾಕ್ ಇದ್ದರೆ ಸಾಮಾನ್ಯವಾಗಿ ರಕ್ತದ ಹರಿವಿಗೆ ಅಡ್ಡಿ ಆಗುವುದಿಲ್ಲ. ಮಾತ್ರೆಯಲ್ಲೇ ನೋಡಿಕೊಳ್ಳುವುದು ಅಂತ ರಿಪೋರ್ಟ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ಎಲ್ಲರೂ ಹೆದರಿದ್ದು "ಇಎಫ್ 40%" ನೋಡಿ, ಅಲ್ವಾ? ಹೃದಯ 40% ಮಾತ್ರ ಉಳಿದಿದೆ ಅಂತ ಅದರ ಅರ್ಥ ಅಲ್ಲ. ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಗಟ್ಟಿಮುಟ್ಟಾದವರಿಗೂ 55ರಿಂದ 70ರ ಒಳಗೇ ಇರುತ್ತದೆ, 100 ಯಾರಿಗೂ ಇರುವುದಿಲ್ಲ. ದೊಡ್ಡಪ್ಪನದು ಕಡಿಮೆ ಆಗಿರುವುದು ನಿಜ. ಆದರೆ ಅಟ್ಯಾಕ್ ಆದ ಹೊಸದರಲ್ಲಿ ಸುಸ್ತಾದ ಸ್ನಾಯು ವಾರಗಳು ಕಳೆದಂತೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಆರು ವಾರ ಬಿಟ್ಟು ಮತ್ತೆ ಎಕೋ ಮಾಡಿಸಲು ಹೇಳಿದ್ದಾರೆ.

ಕೊಲೆಸ್ಟ್ರಾಲ್‌ನಲ್ಲಿ ಎಲ್‌ಡಿಎಲ್ 148 ಇದೆ, 70ಕ್ಕಿಂತ ಕೆಳಗೆ ಬರಬೇಕು. ಮೂರು ತಿಂಗಳ ಶುಗರ್ ಸರಾಸರಿ 8.2, ಅದೂ ಜಾಸ್ತಿಯೇ. ಕಿಡ್ನಿ ಸರಿ ಇದೆ.

ಮಾತ್ರೆಗಳು

ಬೆಳಿಗ್ಗೆ ಖಾಲಿ ಹೊಟ್ಟೆಗೆ:
- ಪ್ಯಾಂಟೊಪ್ರಜೋಲ್ 40. ಹೊಟ್ಟೆ ಉರಿ, ರಕ್ತಸ್ರಾವ ಆಗದಿರಲಿ ಅಂತ.

ಬೆಳಿಗ್ಗೆ ತಿಂಡಿ ಆದ ಮೇಲೆ:
- ಟಿಕಾಗ್ರೆಲಾರ್ 90
- ಮೆಟೊಪ್ರೊಲಾಲ್ 25. ಹೃದಯದ ಮೇಲಿನ ಹೊರೆ ಇಳಿಸುತ್ತದೆ. ಇದನ್ನೂ ಹಠಾತ್ತನೆ ನಿಲ್ಲಿಸಬಾರದು.
- ಮೆಟ್‌ಫಾರ್ಮಿನ್ 500, ಶುಗರ್‌ಗೆ. ಆಂಜಿಯೋಗ್ರಾಂನ ಡೈ ಕೊಟ್ಟಿದ್ದರಿಂದ ಆಸ್ಪತ್ರೆಯಲ್ಲಿ ನಿಲ್ಲಿಸಿದ್ದರು. 17ರ ಬೆಳಿಗ್ಗೆಯಿಂದ ಮತ್ತೆ ಶುರು.

ಮಧ್ಯಾಹ್ನ ಊಟ ಆದ ಮೇಲೆ:
- ಆಸ್ಪಿರಿನ್ 75

ರಾತ್ರಿ ಊಟ ಆದ ಮೇಲೆ:
- ಟಿಕಾಗ್ರೆಲಾರ್ 90. ಬೆಳಿಗ್ಗೆಯದಕ್ಕೂ ಇದಕ್ಕೂ ಸುಮಾರು 12 ಗಂಟೆ ಅಂತರ ಇರಲಿ.
- ಮೆಟ್‌ಫಾರ್ಮಿನ್ 500
- ರಾಮಿಪ್ರಿಲ್ 2.5. ಬಿಪಿಗೂ ಆಗುತ್ತದೆ, ಹೃದಯಕ್ಕೂ ಒಳ್ಳೆಯದು.
- ಅಟೋರ್ವಾಸ್ಟಾಟಿನ್ 80, ಕೊಲೆಸ್ಟ್ರಾಲ್‌ಗೆ.

ಒಂದು ಹೊತ್ತಿನ ಟಿಕಾಗ್ರೆಲಾರ್ ಮರೆತು ಹೋದರೆ ಮುಂದಿನ ಹೊತ್ತಿಗೆ ಒಂದೇ ತಗೊಳ್ಳಬೇಕು, ಎರಡು ಸೇರಿಸಬಾರದು.

ಹಳೆ ಡಬ್ಬಿ

ದೊಡ್ಡಮ್ಮ, ಇದನ್ನು ನೀವೇ ಕೂತು ಮಾಡಿ. ಮನೆಯಲ್ಲಿರುವ ಹಳೇ ಮಾತ್ರೆಗಳಲ್ಲಿ ಬಿಪಿಯ ಆಮ್ಲೋಡಿಪಿನ್ 5 ನಿಲ್ಲಿಸಲು ಹೇಳಿದ್ದಾರೆ. ಹಳೇ ಅಟೋರ್ವಾಸ್ಟಾಟಿನ್ 10 ಕೂಡ ಬೇಡ, ಅದರ ಜಾಗಕ್ಕೇ 80 ಬಂದಿದೆ. ಹೊಸ ಸ್ಟ್ರಿಪ್ ಬೇರೆ ಕಂಪನಿಯದು, ದೊಡ್ಡ ಅಕ್ಷರದ ಹೆಸರೇ ಬೇರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ, ಎರಡೂ ಸ್ಟ್ರಿಪ್‌ನಲ್ಲಿ ಅದನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಔಷಧಿಯನ್ನು ಎರಡು ಹೆಸರಲ್ಲಿ ನುಂಗುವುದನ್ನು ನಾನು ವಾರ್ಡ್‌ನಲ್ಲಿ ಬಹಳ ನೋಡಿದ್ದೇನೆ. ಹಳೇ ಮೆಟ್‌ಫಾರ್ಮಿನ್ 500 ಸ್ಟ್ರಿಪ್ ಉಳಿದಿದ್ದರೆ ಅದನ್ನೇ ಮುಗಿಸಬಹುದು, ಹೊಸದರ ಜೊತೆ ಸೇರಿಸಿ ಅಲ್ಲ.

ಮಂಡಿ ನೋವಿಗೆ ದೊಡ್ಡಪ್ಪ ತಾವೇ ತರಿಸಿಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇನ್ನು ಬೇಡವೇ ಬೇಡ. ಈ ಮಾತ್ರೆಗಳ ಜೊತೆ ಅವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಹೃದಯಕ್ಕೂ ಕಿಡ್ನಿಗೂ ಕೆಟ್ಟದ್ದು. ನೋವಿದ್ದರೆ ಪ್ಯಾರಾಸಿಟಮಾಲ್.

ಎದೆನೋವು ಬಂದರೆ

ಸಾರ್ಬಿಟ್ರೇಟ್ 5 ಯಾವಾಗಲೂ ದೊಡ್ಡಪ್ಪನ ಜೇಬಲ್ಲಿ ಇರಬೇಕು. ರಿಪೋರ್ಟ್‌ನಲ್ಲಿ "ಎಸ್ಒಎಸ್" ಅಂತ ಇದೆ, ಅಂದರೆ ದಿನಾ ಅಲ್ಲ, ನೋವು ಬಂದಾಗ ಮಾತ್ರ. ಮೊದಲು ಕೂರಿಸಿ, ನಿಂತಿದ್ದರೆ ಬಿಪಿ ಇಳಿದು ತಲೆ ತಿರುಗಿ ಬೀಳಬಹುದು. ಒಂದು ಮಾತ್ರೆ ನಾಲಿಗೆ ಕೆಳಗೆ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ ಆಂಬುಲೆನ್ಸ್ ಕರೆಯಿರಿ. ನನಗೆ ಫೋನ್ ಆಮೇಲೆ ಮಾಡಿ. ಗ್ಯಾಸ್ ಇರಬೇಕು ಅಂತ ಕಾಯಬೇಡಿ. ಕಳೆದ ಸಲ ಅವರಿಗೆ ಬೆವರು, ಎಡತೋಳಿನ ನೋವು ಇತ್ತು. ಈ ಸಲ ಹಾಗೇ ಬರಬೇಕು ಅಂತೇನಿಲ್ಲ.

ಇವೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದವು: ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಮುಖ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು, ರಕ್ತ ವಾಂತಿ, ಡಾಂಬರಿನ ಹಾಗೆ ಕಪ್ಪು ಮಲ. ಮಣಿಕಟ್ಟಿನ ಗಾಯದಿಂದ ರಕ್ತ ಬಂದರೆ ಬೆರಳಿಂದ ಗಟ್ಟಿಯಾಗಿ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ ಒತ್ತಿಕೊಂಡೇ ಹೊರಡಿ.

ಫೋನ್ ಮಾಡಿ ಕೇಳಿದರೆ ಸಾಕಾಗುವಂಥವು: ಒಣ ಕೆಮ್ಮು (ರಾಮಿಪ್ರಿಲ್‌ನಿಂದ ಬರಬಹುದು), ಸ್ವಲ್ಪ ಉಸಿರು ಕಟ್ಟಿದ ಹಾಗೆ ಅನಿಸುವುದು (ಟಿಕಾಗ್ರೆಲಾರ್‌ನಿಂದ ಕೆಲವರಿಗೆ ಆಗುತ್ತದೆ), ಕಾಲು ಊತ, ನಾಡಿ 50ಕ್ಕಿಂತ ಕೆಳಗೆ. ಕಾರಣ ಮಾತ್ರೆಯೇ ಇರಬಹುದು ಅನಿಸಿದರೂ ನೀವಾಗಿಯೇ ನಿಲ್ಲಿಸಬೇಡಿ.

ದಿನದ ಓಡಾಟ

ಸಿಗರೇಟ್ ಪೂರ್ತಿ ಬಂದ್. ದಿನಕ್ಕೆ ಒಂದೇ ಅನ್ನುವ ಮಾತೂ ಬೇಡ. ಬಿಡುವುದು ಕಷ್ಟ, ಅವರ ಮೇಲೆ ರೇಗಬೇಡಿ, ಸಹಾಯಕ್ಕೆ ಔಷಧಿ ಇದೆ, ಡಾಕ್ಟರನ್ನು ಕೇಳೋಣ. ಉಪ್ಪು ದಿನಕ್ಕೆ ಒಟ್ಟು ಒಂದು ಟೀ ಚಮಚ ಮೀರದಿರಲಿ. ಸಮತಟ್ಟಾದ ಕಡೆ ಐದು-ಹತ್ತು ನಿಮಿಷ ನಡಿಗೆ ಶುರು ಮಾಡಿ, ನಿಧಾನವಾಗಿ ಜಾಸ್ತಿ ಮಾಡಿ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿ. ಒಂದು ವಾರ ಬಲಗೈಯಲ್ಲಿ ಭಾರ ಎತ್ತುವಂತಿಲ್ಲ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಲೆಕ್ಕ, ಆ ದಿನವೇ ಆಸ್ಪತ್ರೆಗೆ ತಿಳಿಸಿ.

ಮಾರ್ಚ್ 23ರಂದು

ಮೊದಲ ಚೆಕಪ್. ಅವತ್ತು ಇಸಿಜಿ, ಜೊತೆಗೆ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ ರಕ್ತ ಪರೀಕ್ಷೆ. ಅಣ್ಣ, ನೀನು ಜೊತೆಗೆ ಹೋಗು. ಫೈಲ್, ಎಲ್ಲಾ ಸ್ಟ್ರಿಪ್, ತೂಕ ಬರೆದ ಹಾಳೆ ತಗೊಂಡು ಹೋಗು. ರಿಪೋರ್ಟ್‌ನಲ್ಲಿ ಇಲ್ಲದ ಮೂರು ವಿಷಯ ಕೇಳಿ ಬರೆದುಕೊಂಡು ಬಾ: ಪ್ಯಾಂಟೊಪ್ರಜೋಲ್ ಎಷ್ಟು ದಿನ? ಕಾರು ಓಡಿಸುವುದು, ಕೆಲಸಕ್ಕೆ ಹೋಗುವುದು ಯಾವಾಗಿನಿಂದ? ಶುಗರ್ 8.2 ಇರುವಾಗ ಮೆಟ್‌ಫಾರ್ಮಿನ್ ಒಂದೇ ಸಾಕಾ, ಬೇರೆ ಮಾತ್ರೆ ಸೇರಿಸಬೇಕಾ?