ಆಪರೇಟಿಂಗ್ ಸಿಸ್ಟಮ್‌ಗೂ ಮೊದಲು: ಫರ್ಮ್‌ವೇರ್ ಪಾಸ್‌ವರ್ಡ್ ಮತ್ತು ಅಪ್‌ಡೇಟ್

ಎಲ್ಲರಿಗೂ ನಮಸ್ಕಾರ. ಹಿಂದಿನ ಬೆಂಚಿನವರಿಗೆ ಪರದೆ ಕಾಣಿಸುತ್ತಿದೆಯಾ? ಸರಿ, ಶುರು ಮಾಡೋಣ.

ನಿಮ್ಮಲ್ಲಿ ಬಹಳ ಮಂದಿ ಹೊಸ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದೀರಿ. ಲಾಗಿನ್‌ಗೆ ಪಾಸ್‌ವರ್ಡ್ ಇಟ್ಟಿದ್ದೀರಿ, ಆಂಟಿವೈರಸ್ ಹಾಕಿದ್ದೀರಿ. ಆದರೆ ಪವರ್ ಬಟನ್ ಒತ್ತಿದ ಕೂಡಲೇ ಓಡುವುದು ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಫ್ಲ್ಯಾಶ್ ಚಿಪ್ ಇರುತ್ತದೆ, ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟಿನದು. ಪ್ರೊಸೆಸರ್ ಮೊದಲು ಓದುವ ಸೂಚನೆಗಳು ಅಲ್ಲಿಂದ ಬರುತ್ತವೆ. ಅದೇ ಫರ್ಮ್‌ವೇರ್. ಹಳೆಯವರು ಬಯೋಸ್ ಅಂತಾರೆ, ಈಗಿನ ಯಂತ್ರಗಳಲ್ಲಿರುವುದು ಯುಇಎಫ್‌ಐ. ಮಾತಿನಲ್ಲಿ ಎರಡಕ್ಕೂ ಬಯೋಸ್ ಎಂದೇ ರೂಢಿ. ಮೆಮೊರಿಯನ್ನು ಸಿದ್ಧಮಾಡುವುದು, ಡಿಸ್ಕ್ ಎಲ್ಲಿದೆ ಎಂದು ಹುಡುಕುವುದು, ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಯಾವ ಬೂಟ್‌ಲೋಡರ್ ನಂಬಬೇಕು ಎಂದು ತೀರ್ಮಾನಿಸುವುದು ಎಲ್ಲ ಅದರದೇ ಕೆಲಸ. ಆಂಟಿವೈರಸ್ ಏಳುವ ಹೊತ್ತಿಗೆ ಈ ತೀರ್ಮಾನಗಳೆಲ್ಲ ಮುಗಿದಿರುತ್ತವೆ.

ಹಾಗಾಗಿ ಇವತ್ತು ಎರಡು ಪ್ರಶ್ನೆ. ಈ ಪದರದ ಸೆಟ್ಟಿಂಗ್ ಬದಲಿಸಲು ಯಾರಿಗೆ ಅಧಿಕಾರ? ಅದಕ್ಕೆ ಪಾಸ್‌ವರ್ಡ್. ಈ ಪದರದ ಕೋಡಿನಲ್ಲೇ ತಪ್ಪಿದ್ದರೆ? ಅದಕ್ಕೆ ಅಪ್‌ಡೇಟ್. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಫರ್ಮ್‌ವೇರ್ ಪಾಸ್‌ವರ್ಡ್ ಇಲ್ಲದ ಲ್ಯಾಪ್‌ಟಾಪ್ ಒಬ್ಬರ ಕೈಗೆ ಹತ್ತು ನಿಮಿಷ ಸಿಕ್ಕಿತು ಅಂದುಕೊಳ್ಳಿ. ಆನ್ ಮಾಡಿ F2 ಅಥವಾ Del ಒತ್ತಿ ಸೆಟಪ್‌ಗೆ ಹೋಗುತ್ತಾರೆ. ನಂಬಿಕೆಯ ಬೂಟ್‌ಲೋಡರನ್ನಷ್ಟೇ ಓಡಲು ಬಿಡುವ Secure Boot ಆಫ್ ಮಾಡುತ್ತಾರೆ, ಬೂಟ್ ಕ್ರಮದಲ್ಲಿ ಪೆನ್‌ಡ್ರೈವನ್ನು ಮೇಲಕ್ಕೆ ತರುತ್ತಾರೆ, ಪೆನ್‌ಡ್ರೈವಿನಲ್ಲಿರುವ ಬೇರೆ ಆಪರೇಟಿಂಗ್ ಸಿಸ್ಟಮ್ ಏಳುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ನಿಮ್ಮ ಕಡತಗಳೆಲ್ಲ ಅವರ ಕಣ್ಣ ಮುಂದೆ. ನಿಮ್ಮ ಲಾಗಿನ್ ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ, ಏಕೆಂದರೆ ಅದನ್ನು ಕೇಳಬೇಕಾದ ವಿಂಡೋಸ್ ಎದ್ದೇ ಇಲ್ಲ.

ಸೆಟಪ್‌ನ Security ಪುಟದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪಾಸ್‌ವರ್ಡ್ ಕಾಣುತ್ತವೆ. ಇವು ಒಂದೇ ಎಂದುಕೊಂಡು ಎಡವುವವರು ಬಹಳ. Supervisor Password ಅಥವಾ Administrator Password ಎಂಬುದು ಸೆಟ್ಟಿಂಗ್ ಬದಲಿಸದಂತೆ ತಡೆಯುತ್ತದೆ. ದಿನನಿತ್ಯ ಆನ್ ಮಾಡುವಾಗ ತೊಂದರೆ ಕೊಡುವುದಿಲ್ಲ. ನಿಮಗೆ ಮೊದಲು ಬೇಕಾದದ್ದು ಇದು. Power-on Password ಅಥವಾ User Password ಪ್ರತಿ ಸಲ ಆನ್ ಮಾಡಿದಾಗಲೂ ಕೇಳುತ್ತದೆ. ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಒಳ್ಳೆಯದು. ಇದೊಂದನ್ನೇ ಇಟ್ಟು ಮೊದಲನೆಯದನ್ನು ಖಾಲಿ ಬಿಡಬೇಡಿ. ಮೂರನೆಯದು Hard Disk Password. ಇದು ಡಿಸ್ಕಿಗೇ ಬೀಗ ಹಾಕುತ್ತದೆ, ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ತೆರೆಯುವುದಿಲ್ಲ. ಮರೆತರೆ ನಿಮಗೂ ತೆರೆಯುವುದಿಲ್ಲ. ನನ್ನ ಸಲಹೆ, ಮೊದಲ ವರ್ಷದಲ್ಲಿ ಇದನ್ನು ಮುಟ್ಟಬೇಡಿ. ಆ ಕೆಲಸವನ್ನು ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಲಿನಕ್ಸಿನ ಲಕ್ಸ್ ಎನ್‌ಕ್ರಿಪ್ಷನ್ ಮಾಡಲಿ. ಅವುಗಳಿಗೆ ರಿಕವರಿ ಕೀ ತೆಗೆದಿಟ್ಟುಕೊಳ್ಳುವ ಅವಕಾಶವಾದರೂ ಇದೆ.

ಮರೆತರೆ ಬ್ಯಾಟರಿ ತೆಗೆದರಾಯಿತಲ್ಲ ಸರ್ ಎಂದು ಕೇಳುತ್ತೀರಿ, ಗೊತ್ತು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಸಿಆರ್2032 ಎಂಬ ಗುಂಡಿಯಾಕಾರದ ಬ್ಯಾಟರಿ ತೆಗೆದರೆ, ಇಲ್ಲವೇ ಬೋರ್ಡಿನ ಜಂಪರ್ ಬದಲಿಸಿದರೆ ಪಾಸ್‌ವರ್ಡ್ ಅಳಿಸುತ್ತಿತ್ತು, ನಿಜ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಪಾಸ್‌ವರ್ಡ್ ಇರುವುದು ವಿದ್ಯುತ್ ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿ. ಬ್ಯಾಟರಿ ತೆಗೆದರೆ ಗಡಿಯಾರದ ಸಮಯ ಹೋಗುತ್ತದೆ, ಪಾಸ್‌ವರ್ಡ್ ಹೋಗುವುದಿಲ್ಲ. ಕೆಲವು ಮಾದರಿಗಳಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಆದ್ದರಿಂದ ಇಡುವ ಮೊದಲೇ ಕಾಗದದ ಮೇಲೆ ಬರೆದು ಮನೆಯಲ್ಲಿ ಭದ್ರವಾಗಿಡಿ. ಲ್ಯಾಪ್‌ಟಾಪಿನ ಚೀಲದಲ್ಲಿ ಬೇಡ.

ಇಡುವಾಗ ಇನ್ನೊಂದು ಎಚ್ಚರ. ಸೆಟಪ್ ಪರದೆಗೆ ನೀವು ವಿಂಡೋಸ್‌ನಲ್ಲಿ ಆರಿಸಿದ ಕೀಬೋರ್ಡ್ ವಿನ್ಯಾಸ ಗೊತ್ತಿಲ್ಲ. ಸಾಮಾನ್ಯವಾಗಿ ಅಮೆರಿಕನ್ ಇಂಗ್ಲಿಷ್ ವಿನ್ಯಾಸದಲ್ಲೇ ಓದುತ್ತದೆ. ನಿಮ್ಮ ವಿನ್ಯಾಸ ಬೇರೆಯಿದ್ದರೆ @ ಅಥವಾ # ಒತ್ತಿದಾಗ ಬೇರೆ ಚಿಹ್ನೆ ಬಿದ್ದಿರಬಹುದು, ಪರದೆಯ ಮೇಲೆ ಚುಕ್ಕಿ ಮಾತ್ರ ಕಾಣುವುದರಿಂದ ನಿಮಗೆ ತಿಳಿಯುವುದಿಲ್ಲ. ಅಕ್ಷರ, ಅಂಕಿಗಳಷ್ಟೇ ಬಳಸಿ, ಉದ್ದವನ್ನು ಹೆಚ್ಚಿಸಿ. ಎಷ್ಟು ಅಕ್ಷರಕ್ಕೆ ಮಿತಿ ಎಂದು ಕೈಪಿಡಿಯಲ್ಲಿ ನೋಡಿ. ಇಟ್ಟ ಮೇಲೆ ಒಮ್ಮೆ ಪೂರ್ತಿ ಆಫ್ ಮಾಡಿ, ಮತ್ತೆ ಸೆಟಪ್‌ಗೆ ಹೋಗಿ ಅದೇ ಪಾಸ್‌ವರ್ಡ್ ತೆರೆಯುತ್ತದೆಯೇ ಎಂದು ಅಂದೇ ಪರೀಕ್ಷಿಸಿ.

ಇಷ್ಟು ಮಾಡಿದರೂ ಸಾಲದು ಏಕೆ ಎಂಬುದಕ್ಕೆ ಬರುತ್ತೇನೆ. 1998ರಲ್ಲಿ ಸಿಐಎಚ್ ಎಂಬ ವೈರಸ್ ಬಂತು. 1999ರ ಏಪ್ರಿಲ್ 26ರಂದು ಅದು ಸೋಂಕು ತಗುಲಿದ ಯಂತ್ರಗಳಲ್ಲಿ ಡಿಸ್ಕನ್ನು ಹಾಳುಮಾಡಿದ್ದಲ್ಲದೆ, ಸಾಧ್ಯವಾದಲ್ಲಿ ಬಯೋಸ್ ಚಿಪ್ಪಿನ ಮೇಲೂ ಕಸ ಬರೆಯಿತು. ಅಂಥ ಯಂತ್ರ ಮತ್ತೆ ಆನ್ ಆಗಲಿಲ್ಲ. ಆಗ ಉದ್ದೇಶ ಕೆಡಿಸುವುದು. 2018ರಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ಬಯಲಿಗೆಳೆದ ಲೋಜ್ಯಾಕ್ಸ್‌ನ ಉದ್ದೇಶ ಅಡಗಿ ಕೂರುವುದು. ಅದು ಫ್ಲ್ಯಾಶ್ ಚಿಪ್ಪಿನೊಳಗೇ ತನ್ನನ್ನು ಬರೆದುಕೊಳ್ಳುತ್ತಿತ್ತು. ವಿಂಡೋಸ್ ಅಳಿಸಿ ಮತ್ತೆ ಹಾಕಿದರೂ, ಡಿಸ್ಕ್ ಬದಲಿಸಿದರೂ ಮರಳಿ ಬರುತ್ತಿತ್ತು. ಗಮನಿಸಿ, ಇದಕ್ಕೆ ಯಾರೂ ಸೆಟಪ್ ಪರದೆ ತೆರೆಯಬೇಕಿರಲಿಲ್ಲ. ಚಿಪ್ಪಿನ ಬರವಣಿಗೆ ರಕ್ಷಣೆ ಸರಿಯಾಗಿ ಹೊಂದಿಸಿರದ, ಹಳೆಯ ದೋಷ ಉಳಿದ ಫರ್ಮ್‌ವೇರ್ ಇದ್ದರೆ ಸಾಕಿತ್ತು. ನಿಮ್ಮ ಪಾಸ್‌ವರ್ಡ್ ಇಲ್ಲಿ ಏನೂ ಮಾಡಲಾರದು. 2023ರ ಡಿಸೆಂಬರಿನಲ್ಲಿ ಪ್ರಕಟವಾದ ಲೋಗೋಫೇಲ್ ದೋಷಗಳು ಇನ್ನೂ ವಿಚಿತ್ರ: ಆನ್ ಮಾಡಿದಾಗ ಕಾಣುವ ಕಂಪನಿಯ ಚಿತ್ರವಿದೆಯಲ್ಲ, ಅದನ್ನು ಓದುವ ಕೋಡಿನಲ್ಲೇ ತಪ್ಪುಗಳಿದ್ದವು. ಇವುಗಳಿಗೆ ಮದ್ದು ಹೊಸ ಫರ್ಮ್‌ವೇರ್ ಒಂದೇ.

ಅಪ್‌ಡೇಟ್ ಎಂದರೆ ಕಳ್ಳರ ವಿಷಯವಷ್ಟೇ ಅಲ್ಲ. ಸಿ ಭಾಷೆಯ ಪಾಠದಲ್ಲಿ ಚಿಹ್ನೆಯಿರುವ 16 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ 32,767 ಎಂದು ಓದುತ್ತೀರಿ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು: 32,768 ಗಂಟೆ ಓಡಿದ ಕ್ಷಣಕ್ಕೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ಅವು ಸಾಯುತ್ತವೆ, ಒಳಗಿನ ದತ್ತಾಂಶವೂ ಮರಳಿ ಸಿಗುವುದಿಲ್ಲ. ಆ ಸಂಖ್ಯೆ ನೋಡಿದರೆ ನಿಮಗೇ ಏನನ್ನಿಸುತ್ತದೆ? ಒಟ್ಟಿಗೆ ಕೊಂಡು ಒಟ್ಟಿಗೆ ಜೋಡಿಸಿದ ನಾಲ್ಕು ಡಿಸ್ಕುಗಳು ಒಂದೇ ಗಂಟೆಯಲ್ಲಿ ಹೋದರೆ, ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಸುವ ರೇಡ್ ಜೋಡಣೆ ಕೂಡ ಕಾಪಾಡಲಾರದು. ಎಸ್‌ಎಸ್‌ಡಿಯೊಳಗೂ ಫರ್ಮ್‌ವೇರ್ ಇರುತ್ತದೆ, ಮುಂಚೆ ಅದನ್ನು ಅಪ್‌ಡೇಟ್ ಮಾಡಿದವರಿಗೆ ಏನೂ ಆಗದು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದು ಸವೆಯುತ್ತಿದ್ದಾಗಲೂ ಪರಿಹಾರ ಬಂದದ್ದು ಬಯೋಸ್ ಅಪ್‌ಡೇಟ್ ಮೂಲಕ, ಪ್ರೊಸೆಸರಿನ ಒಳಸೂಚನೆಗಳಾದ ಮೈಕ್ರೋಕೋಡ್ ರೂಪದಲ್ಲಿ. ಆಗಲೇ ಸವೆದ ಪ್ರೊಸೆಸರನ್ನು ಆ ಅಪ್‌ಡೇಟ್ ಸರಿಮಾಡಲಿಲ್ಲ. ತಡಮಾಡಿದ ಬೆಲೆ ಅದು.

ಈಗ ಮಾಡುವ ಬಗೆ. ಮೊದಲು ನಿಮ್ಮಲ್ಲಿ ಯಾವ ಆವೃತ್ತಿ ಇದೆ ನೋಡಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ:

```
Get-CimInstance Win32_BIOS | Select-Object SMBIOSBIOSVersion, ReleaseDate
```

ಲಿನಕ್ಸಿನಲ್ಲಿ:

```
sudo dmidecode -s bios-version
sudo dmidecode -s bios-release-date
fwupdmgr refresh
fwupdmgr get-updates
```

ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಕರ ಸ್ವಂತ ತಾಣದಲ್ಲಿ ನಿಮ್ಮ ಪೂರ್ತಿ ಮಾದರಿ ಸಂಖ್ಯೆ ಹಾಕಿ ಹುಡುಕಿ. ಹೆಸರು ಒಂದೇ ಇದ್ದು ಬೋರ್ಡಿನ ಪರಿಷ್ಕರಣೆ ಬೇರೆ ಇರುವುದುಂಟು. ಅದರ ಕಡತ ಇದಕ್ಕೆ ಆಗದು. ಮೂರನೆಯವರ ತಾಣದಿಂದ ಫರ್ಮ್‌ವೇರ್ ಇಳಿಸಲೇಬೇಡಿ. ಬಿಡುಗಡೆ ಟಿಪ್ಪಣಿ ಓದಿ. ಭದ್ರತಾ ದೋಷ ಸರಿಪಡಿಸಿದೆ ಎಂದಿದ್ದರೆ ಆ ವಾರವೇ ಹಾಕಿ. ಹೊಸ ಪ್ರೊಸೆಸರಿಗೆ ಬೆಂಬಲ ಎಂದಷ್ಟೇ ಇದ್ದು ಆ ಪ್ರೊಸೆಸರ್ ನಿಮ್ಮಲ್ಲಿಲ್ಲವಾದರೆ ಅವಸರವಿಲ್ಲ. ಕೆಲವೊಮ್ಮೆ ಮಧ್ಯದ ಒಂದು ಆವೃತ್ತಿ ಹಾಕಿಯೇ ಮುಂದಕ್ಕೆ ಹೋಗಬೇಕು ಎಂದಿರುತ್ತದೆ, ಅದನ್ನು ಹಾರಿಸಬೇಡಿ. ಹಿಂದಿನ ಆವೃತ್ತಿಗೆ ಮರಳಲು ಕೆಲವು ಯಂತ್ರಗಳು ಬಿಡುವುದೇ ಇಲ್ಲ.

ಬಿಟ್‌ಲಾಕರ್ ಇದ್ದವರು ಇಲ್ಲಿ ಕಿವಿಗೊಡಿ, ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಹೊಸ ಲ್ಯಾಪ್‌ಟಾಪುಗಳಲ್ಲಿ ನೀವು ಆನ್ ಮಾಡದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಬೂಟ್ ಆಗುವಾಗ ಟಿಪಿಎಂ ಚಿಪ್ ಫರ್ಮ್‌ವೇರಿನ ಅಳತೆ ಇಟ್ಟುಕೊಂಡು, ಅದು ಹೊಂದಿದರೆ ಮಾತ್ರ ಬೀಗದ ಕೀ ಕೊಡುತ್ತದೆ. ಫರ್ಮ್‌ವೇರ್ ಬದಲಾದರೆ ಅಳತೆ ಬದಲಾಗುತ್ತದೆ. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ದತ್ತಾಂಶ ಹೋಯಿತು. ಹಾಗಾಗಿ ಅಡ್ಮಿನಿಸ್ಟ್ರೇಟರ್ ಆಗಿ ಪವರ್‌ಶೆಲ್ ತೆರೆದು, ಮೊದಲು ಕೀ ನೋಡಿ ಬರೆದಿಟ್ಟುಕೊಳ್ಳಿ, ಆಮೇಲೆ ಒಂದು ರೀಬೂಟಿಗೆ ಮಾತ್ರ ರಕ್ಷಣೆ ನಿಲ್ಲಿಸಿ:

```
manage-bde -protectors -get C:
Suspend-BitLocker -MountPoint "C:" -RebootCount 1
```

ಅಪ್‌ಡೇಟಿನ ನಡುವೆ ಯಂತ್ರ ಒಂದಕ್ಕಿಂತ ಹೆಚ್ಚು ಸಲ ರೀಬೂಟ್ ಆಗುತ್ತದೆ ಎಂದು ಕೈಪಿಡಿ ಹೇಳಿದರೆ ಆ 1ನ್ನು ಅದಕ್ಕೆ ತಕ್ಕಂತೆ ಏರಿಸಿ.

ಸೆಟಪ್‌ನ ಪ್ರತಿ ಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗುಗಳು ಮೂಲಸ್ಥಿತಿಗೆ ಹೋಗಬಹುದು. ಡಿಸ್ಕ್ ನಿಯಂತ್ರಕ RAID ಇಂದ AHCI ಎಂಬ ಇನ್ನೊಂದು ವಿಧಾನಕ್ಕೆ ಬದಲಾದರೆ ವಿಂಡೋಸ್ ಏಳುವುದಿಲ್ಲ, ಡಿಸ್ಕ್ ಕೆಟ್ಟಿತು ಎಂದು ಗಾಬರಿಯಾಗುತ್ತೀರಿ. ವರ್ಚುವಲೈಸೇಷನ್ ಆಫ್ ಆದರೆ ನಿಮ್ಮ ವರ್ಚುವಲ್ ಮಷಿನ್ ಓಡುವುದಿಲ್ಲ. Secure Boot ಆನ್ ಇದೆಯೇ, ಪಾಸ್‌ವರ್ಡ್ ಉಳಿದಿದೆಯೇ ಎಂದೂ ಅದೇ ಹೊತ್ತಿಗೆ ನೋಡಿ.

ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ತುಂಬಿರಲಿ. ಶುರುವಾದ ಮೇಲೆ ಪರದೆ ಕಪ್ಪಾಗಬಹುದು, ಫ್ಯಾನ್ ಜೋರಾಗಿ ತಿರುಗಬಹುದು, ಎರಡು ಮೂರು ಸಲ ತಾನೇ ರೀಬೂಟ್ ಆಗಬಹುದು. ಪವರ್ ಬಟನ್ ಮುಟ್ಟಬೇಡಿ. ಫ್ಲ್ಯಾಶ್ ಚಿಪ್ಪಿನಲ್ಲಿ ಹೊಸದನ್ನು ಬರೆಯಲು ಹಳೆಯದನ್ನು ತುಂಡು ತುಂಡಾಗಿ ಮೊದಲು ಅಳಿಸಬೇಕು. ಅಳಿಸಿ ಬರೆಯುವ ನಡುವೆ ವಿದ್ಯುತ್ ಹೋದರೆ ಪ್ರೊಸೆಸರಿಗೆ ಓದಲು ಅಲ್ಲಿ ಸರಿಯಾದ ಕೋಡೇ ಇರುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಇನ್ನೊಂದು ಪ್ರತಿ ಇಟ್ಟ ಎರಡನೇ ಚಿಪ್, ಅಥವಾ ಪೆನ್‌ಡ್ರೈವಿನಿಂದ ನೇರ ಬರೆಯುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುತ್ತದೆ. ಇಲ್ಲದಿದ್ದರೆ ಚಿಪ್ಪಿಗೆ ಕ್ಲಿಪ್ ಹಾಕಿ ಹೊರಗಿನ ಪ್ರೋಗ್ರಾಮರ್‌ನಿಂದ ಬರೆಯಬೇಕು.

ರೂಟರ್, ಕ್ಯಾಮೆರಾಗಳೂ ಕಂಪ್ಯೂಟರುಗಳೇ, ಮರೆಯಬೇಡಿ. ಸೋಂಕಿತ ಸಾಧನಗಳ ಜಾಲವಾದ 2016ರ ಮಿರಾಯ್ ಬಾಟ್‌ನೆಟ್ ಬೆಳೆದದ್ದು ಕಾರ್ಖಾನೆಯಿಂದ ಬಂದ ಹೆಸರು, ಪಾಸ್‌ವರ್ಡುಗಳ ಸುಮಾರು 60 ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ. ಆ ಸಾಧನಗಳ ದಾಳಿಗೆ ಅದೇ ವರ್ಷ ಅಕ್ಟೋಬರ್ 21ರಂದು ಜಾಲತಾಣದ ಹೆಸರಿಗೆ ತಕ್ಕ ವಿಳಾಸ ಹೇಳುವ ಡಿಎನ್‌ಎಸ್ ಸೇವೆಯ ಡೈನ್ ಎಂಬ ಕಂಪನಿ ಸಿಲುಕಿ, ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸಿಗಲಿಲ್ಲ. ರೂಟರಿನ ವೈಫೈ ಪಾಸ್‌ವರ್ಡ್ ಬೇರೆ, ಅದರ ನಿರ್ವಾಹಕ ಪುಟದ ಪಾಸ್‌ವರ್ಡ್ ಬೇರೆ. ಎರಡನೆಯದನ್ನೇ ಜನ ಮುಟ್ಟದೆ ಬಿಡುವುದು. ಅದನ್ನು ಬದಲಿಸಿ, ಹೊರಗಿನ ಅಂತರ್ಜಾಲದಿಂದ ನಿರ್ವಹಿಸುವ ಸೌಲಭ್ಯ ಆಫ್ ಮಾಡಿ, ಅಪ್‌ಡೇಟ್ ಕಡತವನ್ನು ವೈಫೈನಲ್ಲಿ ಕಳಿಸದೆ ಕೇಬಲ್ ಜೋಡಿಸಿ ಕಳಿಸಿ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ರೂಟರನ್ನು, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಬದಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಲ್ಯಾಬಿಗೆ ಬರುವಾಗ ಪ್ರತಿಯೊಬ್ಬರೂ ಮೂರು ಸಾಲು ಬರೆದು ತನ್ನಿ: ನಿಮ್ಮ ಯಂತ್ರದ ಬಯೋಸ್ ಆವೃತ್ತಿ ಮತ್ತು ದಿನಾಂಕ, ತಯಾರಕರ ತಾಣದಲ್ಲಿರುವ ಇತ್ತೀಚಿನ ಆವೃತ್ತಿ, Secure Boot ಆನೋ ಆಫೋ. ಪಾಸ್‌ವರ್ಡ್ ಮಾತ್ರ ಯಾರೂ ಬರೆದು ತರಬೇಡಿ, ನನಗೂ ಹೇಳಬೇಡಿ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಲ್ಯಾಬಿನ ಯಂತ್ರದಲ್ಲೇ ಈ ಮೂರನ್ನು ನೋಡಬಹುದು, ಸೆಟಪ್‌ಗೆ ಹೋಗದೆಯೇ. ಯಂತ್ರದ ಆವೃತ್ತಿ, ದಿನಾಂಕ ಆ ಕಮ್ಯಾಂಡುಗಳಿಂದಲೇ ಸಿಗುತ್ತವೆ. Secure Boot ಸ್ಥಿತಿ ವಿಂಡೋಸ್‌ನಲ್ಲಿ msinfo32 ತೆರೆದರೆ ಕಾಣುತ್ತದೆ. ಪ್ರಶ್ನೆಗಳಿದ್ದರೆ ಈಗ ಕೇಳಿ.