ನನ್ನ ಕೊನೆಯ ಸಂಬಳ, ಸೆಟಲ್‌ಮೆಂಟ್ ಬಾಕಿ ಬಗ್ಗೆ

ನಮಸ್ಕಾರ ಸರ್,

ಸೆಪ್ಟೆಂಬರ್ 30ಕ್ಕೆ ಒಂದು ತಿಂಗಳ ನೋಟಿಸ್ ಕೊಟ್ಟು, ಅಕ್ಟೋಬರ್ 31ಕ್ಕೆ ಉಡುಪಿ ಅಂಗಡಿಯ ಕೀ, ಬಿಲ್ಲಿಂಗ್ ಪಾಸ್‌ವರ್ಡ್ ಎಲ್ಲ ನಿಮ್ಮ ಕೈಗೇ ಕೊಟ್ಟು ಹೋದವಳು ನಾನು. ಆವತ್ತು "ಮುಂದಿನ ವಾರ ಹಾಕ್ತೇನೆ" ಅಂದ್ರಿ, ಈಗ ಡಿಸೆಂಬರ್ 20 ಆಯ್ತು. ಮೂರು ಸಲ ಫೋನ್ ಮಾಡಿದೆ, ಎರಡು ಸಲ ಬಂದೂ ಹೋದೆ, ಪ್ರತಿ ಸಲ ಪಾರ್ಟಿಗಳಿಂದ ದುಡ್ಡು ಬರ್ಲಿಕ್ಕೆ ಉಂಟು ಅಂತಲೇ ಹೇಳಿದ್ರಿ.

ಲೆಕ್ಕ ಹೀಗುಂಟು. ಅಕ್ಟೋಬರ್ ಸಂಬಳ 18,200. ಉಳಿದ ರಜೆ 14 ದಿನ, ದಿನಕ್ಕೆ 700ರ ಹಾಗೆ 9,800. ಮತ್ತೆ ಗ್ರಾಚ್ಯುಟಿ, 6 ವರ್ಷ ಆಗಿದೆ, ಅಂಗಡಿ ಗೋಡೌನ್ ಸೇರಿ ನಾವು 12 ಜನ ಇದ್ದದ್ದು, ಹಾಗಾಗಿ ಅದು ಕೊಡ್ಲೇಬೇಕು, ವರ್ಷಕ್ಕೆ 15 ದಿನದ ಸಂಬಳ ಅಂದ್ರೆ 10,500, ಒಟ್ಟು 63,000. ಎಲ್ಲ ಸೇರಿ 91,000 ರೂಪಾಯಿ. ಗ್ರಾಚ್ಯುಟಿ 30 ದಿನದೊಳಗೆ ಕೊಡ್ಬೇಕಿತ್ತು, ಅದೂ ದಾಟಿ ಹೋಯ್ತು.

ಜುಲೈ ಮಳೆಗೆ ಗೋಡೌನಿಗೆ ನೀರು ನುಗ್ಗಿದಾಗ ಮೊಣಕಾಲು ನೀರಲ್ಲಿ ನಿಂತು ಲೆಡ್ಜರ್‌ಗಳನ್ನು ಮೇಲೆ ಹೊತ್ತದ್ದು ನಿಮಗೂ ನೆನಪಿರಬಹುದು. ನಿಮ್ಮ ಅಂಗಡಿ ನನ್ನದೇ ಅಂತ ದುಡಿದವಳು, ಜಗಳ ಬೇಡ ನನಗೆ. ಆದ್ರೆ ಅಮ್ಮನ ಮದ್ದು, ಮನೆ ಬಾಡಿಗೆ ಎರಡೂ ಸಾಲದಲ್ಲೇ ನಡೀತಾ ಉಂಟು.

ಜನವರಿ 5ರ ಒಳಗೆ ಪೂರ್ತಿ ಹಣ ನನ್ನ ಸಂಬಳದ ಖಾತೆಗೇ ಹಾಕಿ, ಜೊತೆಗೆ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಿ. ಎರಡು ಕಂತು ಬೇಕಾದ್ರೆ ತಾರೀಕು ಬರೆದು ಕೊಡಿ, ಒಪ್ತೇನೆ. ಇಲ್ಲದಿದ್ರೆ 6ಕ್ಕೆ ಲೇಬರ್ ಆಫೀಸಿಗೆ ದೂರು ಕೊಡ್ತೇನೆ, ಸಂಬಳ ಚೀಟಿ, ಹಾಜರಿ ಪುಸ್ತಕದ ಫೋಟೊ ಎಲ್ಲ ನನ್ನ ಹತ್ರ ಉಂಟು.

ಇತಿ,
6 ವರ್ಷ ನಿಮ್ಮ ಬಿಲ್ಲಿಂಗ್ ನೋಡಿದವಳು