ಇಳಿ ಮಾರಾಯ್ತಿ, ಹತ್ತಿ ಮಾರಾಯ್ರೆ

(ಗಂಡ ಹೆಂಡತಿಯ ಜೋಡಿ ಹಾಡು. ಅವನು ತದಡಿಯಲ್ಲಿ ಬೋಟಿಗೆ ಹೋಗುವವನು. ಅವಳ ತವರು ಶಿರಸಿ. ಜಾತ್ರೆಗೆ ಹೋದವಳು ಇನ್ನೂ ಬಂದಿಲ್ಲ. ವೇದಿಕೆಯ ಎರಡು ತುದಿಯಲ್ಲಿ ನಿಂತು, ಮೊಬೈಲ್ ಕಿವಿಗೆ ಹಿಡಿದು ಹಾಡಬೇಕು. ಹಾರ್ಮೋನಿಯಂ, ಡೋಲಕ್ ಸಾಕು. ಕೀಬೋರ್ಡ್ ತಂದರೆ ಮಾತು ಮುಳುಗಿ ಹೋಗುತ್ತದೆ.)

ಪಲ್ಲವಿ

ಅವನು: ಹಲೋ ಹಲೋ, ಕೇಳಿಸ್ತಾ? ತದಡಿಯಿಂದ ನಾನು
ಅವಳು: ಕೇಳಿಸ್ತು ಬಿಡಿ, ನೆನಪಾಯ್ತಾ ಇಷ್ಟು ದಿನಕ್ಕೆ ನಾನು?
ಅವನು: ಒಲೆ ಮುನಿದಿದೆ, ಬೆಕ್ಕು ಮುನಿದಿದೆ, ಘಟ್ಟ ಇಳಿ ಮಾರಾಯ್ತಿ
ಅವಳು: ಬೆಕ್ಕಿಗೆ ಎರಡು ಮೀನು ಹಾಕಿ, ಘಟ್ಟ ಹತ್ತಿ ಮಾರಾಯ್ರೆ

ಚರಣ 1

ಅವನು: 9 ದಿನದ ಜಾತ್ರೆ ಅಂತ ಹೇಳಿ ಹೋದವಳು ನೀನು
ಅವಳು: ತೇರಿನ ದಿನ ಬಂದೇ ಬರ್ತೇನೆ ಅಂದವರ್ಯಾರು, ನಾನು?
ಅವನು: ತೇರು ಮುಗಿದು, ಪೇಟೆ ಮುಗಿದು, ಇವತ್ತಿಗೆ ದಿನ 21
ಅವಳು: ಎಣಿಸೋಕೆ ಬರುತ್ತೆ, ಬರೋಕೆ ಬರಲ್ಲ, ನಿಮ್ಮ ಲೆಕ್ಕವೇ ಚಂದ
ಅವನು: ಬಸ್‌ಸ್ಟ್ಯಾಂಡಲ್ಲಿ ಕಾದೆಯಂತೆ, ಮಲ್ಲಿಗೆ ಮುಡಿದು ನೀನು
ಅವಳು: ಮೂರು ಕುಮಟಾ ಬಸ್ಸು ಬಂತು, ಮೂರನ್ನೂ ನೋಡ್ದೆ ನಾನು
ಅವನು: ಇಳಿದವರನ್ನೆಲ್ಲ ನೋಡಿದೆಯಾ, ಒಬ್ಬೊಬ್ಬರ ಮುಖ ನೋಡಿ?
ಅವಳು: ಡ್ರೈವರ್ ಕೂಡ ಇಳಿದು ಹೋದ, ಚಾ ಕುಡಿಯೋಕೆ ಓಡಿ
ಅವನು: ತೊಟ್ಟಿಲಾದರೂ ಹತ್ತಿದೆಯಾ? ಕೂತಿದ್ದು ಯಾರ ಜೋಡಿ?
ಅವಳು: ಪಕ್ಕದ ಸೀಟು ಖಾಲಿ ಬಿಟ್ಟೆ, ಚೀಲ ಇಟ್ಟೆ ನೋಡಿ
ಅವನು: ಮೇಲಿಂದ ಕಂಡಿತಾ ನಮ್ಮ ಕಡಲು, ನಮ್ಮ ಬೋಟಿನ ಸಾಲು?
ಅವಳು: ಕಂಡಿದ್ದು ಬಿಡ್ಕಿಬೈಲಿನ ಲೈಟು, ಬಳೆ ಅಂಗಡಿ ಸಾಲು

(ಪಲ್ಲವಿಯ ಕೊನೆಯ ಎರಡು ಸಾಲು ಮತ್ತೆ)

ಚರಣ 2

ಅವನು: ಬರೋಕೆ ಅಂತ ಅಂಗಿ ಇಸ್ತ್ರಿ ಮಾಡಿಟ್ಟಿದ್ದೆ ಕಣೆ
ಅವಳು: ಇಸ್ತ್ರಿ ಅಂಗಿ ಎಲ್ಲಿ ಹೋಯ್ತು? ಬಲೆಗೆ ಬಿತ್ತಾ ಮೊನ್ನೆ?
ಅವನು: ತಾರ್ಲೆ ಬಿತ್ತು, ರಾಶಿ ತಾರ್ಲೆ, ತಾಂಡೇಲ ಬಿಡಲಿಲ್ಲ
ಅವಳು: ತಾರ್ಲೆ ಕರೆದ್ರೆ ಓಡಿ ಹೋದ್ರಿ, ನಾನು ಕರೆದ್ರೆ ಇಲ್ಲ
ಅವನು: ಮೀನು ಹೇಳಿ ಕೇಳಿ ಬರುತ್ತಾ? ಬಿಟ್ರೆ ಹೋಯ್ತು ಪಾಲು
ಅವಳು: ಜಾತ್ರೆ ಮಾತ್ರ ಹೇಳೇ ಬರುತ್ತೆ, ವರ್ಷ ಎರಡಾದ ಮೇಲೂ
ಅವನು: ನಿಜ ಹೇಳ್ಲಾ? ಅಷ್ಟು ಹಿಡಿದೂ ರೇಟು ಬಿದ್ದೇ ಹೋಯ್ತು
ಅವಳು: ದುಡ್ಡೂ ಇಲ್ಲ, ಜಾತ್ರೆಯೂ ಇಲ್ಲ, ಒಳ್ಳೇ ಶಾಸ್ತಿ ಆಯ್ತು!
ಅವನು: ತಾರ್ಲೆ ಹುರುಪೆ ಅಂಟಿದೆ ಇಲ್ಲಿ, ನಿನ್ನ ಫೋಟೋದ ಮೇಲೆ
ಅವಳು: ಮೊಬೈಲ್ ಗಾಜಿಗಾ? ಎಲ್ಲಿ, ಮೂಗಿಗಾ?
ಅವನು: ಅಲ್ಲ, ಹಣೆಯ ಮೇಲೆ
ಅವಳು: (ಸ್ವಲ್ಪ ತಡೆದು) ಒರೆಸಬೇಡಿ. ಇರಲಿ ಬಿಡಿ.

ಚರಣ 3

(ಇದೇ ಹಾಡಿನ ಜೀವ. ಆತುರ ಬೇಡ. ನಗು ಬಂದರೆ ಹಾಡುವವರೂ ನಗಲಿ.)

ಅವನು: ನಿಮ್ಮೂರ ಶಂಕರಹೊಂಡದ ನೀರು ನಮ್ಮ ಅಳಿವೆಗೆ ಬರುತ್ತೆ
ಅವಳು: ಅಘನಾಶಿನಿ ಅಲ್ವಾ ಅದು? ಅದರ ಪಾಡಿಗೆ ಬರುತ್ತೆ
ಅವನು: ಉಂಚಳ್ಳೀಲಿ 116 ಮೀಟರ್ ಧುಮುಕಿ ಬರುತ್ತೆ ಪಾಪ
ಅವಳು: ಅಷ್ಟೆತ್ತರದಿಂದ ಬೀಳೋಕೆ ನನಗೇನು ಶಾಪ?
ಅವನು: ಹೊಳೆಗಿರೋ ಪ್ರೀತಿ ನಿನಗಿಲ್ವಾ? ಇಳಿಯೋಕೆ ಏನು ಕಷ್ಟ?
ಅವಳು: ಹೊಳೆಗೆ ಟಿಕೆಟ್ ಕೇಳೋರ್ಯಾರು? ಅದರ ಇಷ್ಟವೇ ಇಷ್ಟ
ಅವನು: ನಿನಗೂ ಫ್ರೀ ಅಲ್ವಾ ಮಾರಾಯ್ತಿ, ಆಧಾರ್ ತೋರಿಸಿದ್ರೆ ಸಾಕು!
ಅವಳು: ಆಧಾರಲ್ಲಿ ತವರಿನ ವಿಳಾಸ, ಮೊದಲು ಬದಲಿಸಬೇಕು
ಅವನು: ಮದುವೆಯಾಗಿ 4 ವರ್ಷ, ಇನ್ನೂ ಬದಲಿಸಿಲ್ವಾ?
ಅವಳು: ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂದವರು ನೀವಲ್ವಾ?
ಅವನು: ಸರಿ ಸರಿ, ಅದು ನನ್ನ ತಪ್ಪು. ಹೊಳೆ ಕಥೆಗೆ ಬಾ ನೀನು
ಅವಳು: ಇಳಿದ ಹೊಳೆ ತಿರುಗಿ ಹತ್ತಿದ್ದು ಎಲ್ಲೂ ಕಂಡಿಲ್ಲ ನಾನು
ಅವನು: ಭರತದ ಹೊತ್ತಲ್ಲಿ ಅಳಿವೇಲಿ ನಿಲ್ಲು, ನೀರು ಹತ್ತೋದು ನೋಡು
ಅವಳು: ಕಡಲ ನೀರು ಹೊಳೆ ಹತ್ತುತ್ತಾ? ಎಲ್ಲಿಗೆ ಅದರ ಓಡು?
ಅವನು: ದಿವಗಿವರೆಗೂ ಹತ್ತುತ್ತೆ ಕಣೆ, ಉಪ್ಪು ಹೊತ್ತು ಮೆಲ್ಲ
ಅವಳು: ದಿವಗೀಲಿ ನಿಂತ್ರೆ ಶಿರಸಿ ಸಿಗುತ್ತಾ? ಘಟ್ಟ ಶುರುವೇ ಆಗಿಲ್ಲ!
ಅವನು: ಕಡಲಿಗೆ ಅಷ್ಟೇ ಉಸಿರು ಮಾರಾಯ್ತಿ, ಘಟ್ಟ ಹತ್ತಿ ಗೊತ್ತಿಲ್ಲ
ಅವಳು: ಕಡಲಿನ ಮಾತು ಬಿಡಿ ನೀವು. ನಿಮಗೆ ಕಾಲಿದೆ ಅಲ್ವಾ?

ಚರಣ 4

(ಡೋಲಕ್ ಬೇಡ. ಇಲ್ಲಿ ಪ್ರಾಸ ಸಡಿಲ, ಹಾಗೇ ಬಿಟ್ಟಿದ್ದೇನೆ. ಅಳುಮುಖ ಮಾಡಬೇಡಿ, ಮಾತಾಡಿದ ಹಾಗೆ ಹಾಡಿ.)

ಅವನು: ಸಿಟ್ಟು ಒಂದೇನಾ? ನಿನ್ನ ದನಿಯಲ್ಲಿ ಬೇರೆ ಏನೋ ಇದೆ
ಅವಳು: ಅಮ್ಮ ಒಬ್ಬಳೇ ಚಾಲಿ ಸುಲೀತಾಳೆ. ಕಣ್ಣು ಮಂಜಾಗಿದೆ
ಅವನು: ಮೆಟ್ಟುಗತ್ತಿಯ ಮುಂದೆ ಹಾಗೇ ಕೂರ್ತಾಳಾ?
ಅವಳು: ಹೆಬ್ಬೆರಳಲ್ಲಿ ತಡವಿ ನೋಡ್ತಾಳೆ, ಆಮೇಲೆ ಸೀಳ್ತಾಳೆ
ಅವನು: ಬೆರಳು?
ಅವಳು: ಎರಡು ಕಡೆ ಬಟ್ಟೆ ಸುತ್ತಿದೆ
ಅವನು: ಮೊದಲೇ ಯಾಕೆ ಹೇಳಲಿಲ್ಲ?
ಅವಳು: ನೀವು ಕೇಳಿದ್ದು ಒಲೆಯ ಕಥೆ, ಬೆಕ್ಕಿನ ಕಥೆ
ಅವನು: ಆಸ್ಪತ್ರೆಗೆ ತೋರಿಸಬೇಕು. ಅತ್ತೆಗೆ ಹೇಳು
ಅವಳು: ಸುಲಿದು ಮುಗೀಲಿ ಅಂತಾಳೆ. ರಾಶಿ ಇನ್ನೂ ಅರ್ಧ ಇದೆ
ಅವನು: ನಮ್ಮಮ್ಮನೂ ಹಾಗೇ. ಉಪ್ಪಿನ ಡಬ್ಬಿ ಎಲ್ಲಿ ಅಂತ ದಿನಾ ಕೇಳ್ತಾಳೆ
ಅವಳು: ಒಲೆಯ ಎಡಕ್ಕೆ. ಮೊದಲಿಂದ ಎಲ್ಲಿತ್ತೋ ಅಲ್ಲೇ
ಅವನು: ಗೊತ್ತು ಅವಳಿಗೂ. ಸುಮ್ನೆ ಕೇಳ್ತಾಳೆ

(ಇಬ್ಬರೂ ಫೋನ್ ಇಳಿಸುತ್ತಾರೆ. ಹಾರ್ಮೋನಿಯಂ ಮಾತ್ರ. ನಾಲ್ಕು ದಿನ ಕಳೆಯಿತು ಎಂದುಕೊಳ್ಳಿ. ಡೋಲಕ್ ಬಸ್ಸಿನ ಹಾಗೆ ಶುರುವಾಗಲಿ, ಮೊದಲು ಫಸ್ಟ್ ಗೇರು.)

ಚರಣ 5

ಅವಳು: ಹಲೋ ಹಲೋ, ಎಲ್ಲಿದ್ದೀರಿ? ಎಂಥದು ಗುರ್ರ್ ಅನ್ನೋದು?
ಅವನು: ಬೋಟಿನ ಇಂಜಿನ್. ನಿನ್ನಲ್ಲೇನು ಗಡಗಡ ಗಡ ಅನ್ನೋದು?
ಅವಳು: ಅಮ್ಮನ ಮಿಕ್ಸಿ, ಚಟ್ನಿಗೆ ಅಂತ ಈಗಷ್ಟೇ ಹಾಕಿದ್ದು
ಅವನು: ಒಳ್ಳೇ ಚಟ್ನಿ! ಆಗಿಂದ ನಾನು ತಿರುಗೋದೇ ಕೇಳಿದ್ದು
ಅವಳು: ಬೋಟಲ್ಲಿ ಯಾರೋ 'ಚಿಲ್ಲರೆ ಕೊಡಿ' ಅಂದ ಹಾಗಾಯ್ತಲ್ಲ?
ಅವನು: ಅದು ನಮ್ಮ ತಾಂಡೇಲ ಕಣೆ, ಹಾಗೆಲ್ಲ ಏನೂ ಇಲ್ಲ
ಅವಳು: ತಾಂಡೇಲ ಟಿಕೆಟ್ ಹರೀತಾನಾ ಈಗ ನಡು ನೀರಲ್ಲಿ?
ಅವನು: ನಿನ್ನ ಮಿಕ್ಸಿ ಹಾರ್ನ್ ಹೊಡೀತಾ ತಿರುವು ತಿರುವಲ್ಲಿ?

(ಗಂಟೆ. ಒಂದೇ ಸಲ. ಆಮೇಲೆ ವಾದ್ಯ ಎಲ್ಲ ಬಂದ್.)

ಅವಳು: ಗಂಟೆ ಕೇಳ್ತು. ನಿಮ್ಮ ಫೋನಲ್ಲಿ
ಅವನು: ನನಗೂ ಕೇಳ್ತು. ಎರಡೂ ಕಿವೀಲಿ
ಅವಳು: ದೇವಿಮನೆ ಗುಡಿ!
ಅವನು: ನೀಲಿ ಸೀರೆ, ಮೂರನೇ ಕಿಟಕಿ!
ಅವಳು: ಇಸ್ತ್ರಿ ಅಂಗಿ!
ಅವನು: ಅತ್ತೆ ಕಣ್ಣು ತೋರಿಸೋಕೆ ಅಂತ ಹೊರಟೆ ಕಣೆ
ಅವಳು: ನಡಿ ಮನೆಗೆ ಅಂತ ಅಮ್ಮನೇ ಬೈದು ಬಸ್ಸು ಹತ್ತಿಸಿದ್ಲು
ಅವನು: ಶೀಟಿ ಹೊಡೆದ, ಬಸ್ಸು ಬಿಡ್ತಾನೆ, ಇಳಿ ಮಾರಾಯ್ತಿ, ಇಳಿ!
ಅವಳು: ನಿಮ್ಮದೂ ಹೊರಟಿತು, ಇಳೀರಿ ಮಾರಾಯ್ರೆ, ಇಳೀರಿ!

(ಇಬ್ಬರೂ ಫೋನ್ ಕಿವಿಯಲ್ಲೇ ಹಿಡಿದು, ವೇದಿಕೆಯ ನಡುವೆ ಎದುರುಬದುರು. ಡೋಲಕ್ ಎರಡೂ ಕಡೆಗೆ ದೂರವಾಗಲಿ.)

ಅವನು: ಇಳಿದೆ
ಅವಳು: ನಾನೂ ಇಳಿದೆ
ಅವನು: ನಿನ್ನ ಬಸ್ಸು ಹೋಯ್ತು
ಅವಳು: ನಿಮ್ಮದೂ ಹೋಯ್ತು. ಚೀಲ ಎಲ್ಲಿ?
ಅವನು: ಸೀಟಿನ ಕೆಳಗೆ! ಅತ್ತೆಗೆ ಅಂತ ತಂದ ಒಣ ಶೆಟ್ಲಿ, ಶಿರಸಿಗೆ ಹೋಯ್ತು. ನಿನ್ನ ಬ್ಯಾಗು?
ಅವಳು: ಅಯ್ಯೋ! ಅತ್ತೆಗೆ ಅಂತ ತಂದ ಅಪ್ಪೆಮಿಡಿ, ಕುಮಟಾಕ್ಕೆ ಹೋಯ್ತು
ಅವನು: ಮುಂದಿನ ಬಸ್ಸು ಎಷ್ಟೊತ್ತಿಗೆ?
ಅವಳು: ಮೇಲಕ್ಕಾ, ಕೆಳಕ್ಕಾ?